ಸಿದ್ಧರಾಮನಿಗೆ ದೀಕ್ಷೆ ಕೊಟ್ಟವರು ಯಾರು?

ಸೊನ್ನಲಿಗೆಯ ಸಿದ್ಧರಾಮನ ಕೊರಳಲ್ಲಿ ಇಷ್ಟಲಿಂಗ ಇತ್ತೇ? ನಮ್ಮ ಕೊಪ್ಪಳದ ಕಡೆ ಹೀಗೆ ಕೇಳಿದರೆ ಜನ ಒಂದು ಸಲ ನಿಮ್ಮ ಮುಖ ನೋಡುತ್ತಾರೆ. ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬೆಳೆದ ಯಾರಿಗಾದರೂ ಉತ್ತರ ಬಾಯಲ್ಲೇ ಇರುತ್ತದೆ. ಅಲ್ಲಮಪ್ರಭು ಸೊನ್ನಲಿಗೆಗೆ ಹೋದ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಕಣ್ಣು ತೆರೆಸಿದ, ಕಲ್ಯಾಣಕ್ಕೆ ಕರೆತಂದ. ಅಲ್ಲಿ ಚೆನ್ನಬಸವಣ್ಣ ಲಿಂಗದೀಕ್ಷೆ ಕೊಟ್ಟ. ಅಷ್ಟೇ, ಅದರಲ್ಲಿ ಕೇಳೋದೇನಿದೆ?

ಕೇಳೋದಿದೆ. ಈ ಕಥೆಯನ್ನು ಹೇಳಿದ ಹಳೆಯ ಪುಸ್ತಕಗಳನ್ನು ಕಾಲದ ಕ್ರಮದಲ್ಲಿ ಇಟ್ಟುಕೊಂಡು ಓದಿದರೆ, ಆ ದೀಕ್ಷೆ ಮೊದಲಿನ ಪುಸ್ತಕಗಳಲ್ಲಿ ಸಿಗುವುದಿಲ್ಲ. ಒಂದು ಹಂತದಲ್ಲಿ ಅದು ಬಂದು ಸೇರಿಕೊಳ್ಳುತ್ತದೆ. ಹೀಗೆ ಓದುವುದಕ್ಕೆ ಐತಿಹಾಸಿಕ ವಿಮರ್ಶೆ ಅನ್ನುತ್ತಾರೆ. ಪವಿತ್ರ ಗ್ರಂಥ ಅಂತ ಕೈಮುಗಿದು ಪಕ್ಕಕ್ಕಿಡುವ ಬದಲು, ಇದನ್ನು ಬರೆದವರು ಯಾರು, ಯಾವಾಗ, ಯಾರಿಗಾಗಿ, ಅವರ ಮುಂದೆ ಯಾವ ಹಳೆಯ ಪ್ರತಿ ಇತ್ತು, ಅದರಲ್ಲಿ ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು ಅಂತ ಕೇಳುತ್ತಾ ಹೋಗುವುದು. ಯುರೋಪಿನಲ್ಲಿ ಇದು ಬೈಬಲಿನ ಮೇಲೆ ಶುರುವಾಯಿತು. ಜರ್ಮನಿಯ ಹಾಲೆ ಊರಿನ ಸೆಮ್ಲರ್ ಅನ್ನುವ ಪಂಡಿತ 1771ರಿಂದ 1775ರವರೆಗೆ ಇದರ ಬಗ್ಗೆಯೇ ನಾಲ್ಕು ಭಾಗಗಳಲ್ಲಿ ಬರೆದ. ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು ಅನ್ನುವ ಪಟ್ಟಿ ಕಾಲಕಾಲಕ್ಕೆ ಮನುಷ್ಯರು ಮಾಡಿದ ತೀರ್ಮಾನ, ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಪ್ರತಿಯೊಂದು ಪುಟವೂ ದೇವರ ಮಾತಾಗುವುದಿಲ್ಲ ಅನ್ನುವುದು ಅವನ ವಾದ. ಅವನೇನೂ ನಾಸ್ತಿಕನಲ್ಲ, ದೇವಶಾಸ್ತ್ರದ ಮೇಷ್ಟ್ರು.

ಬೈಬಲಿನ ವಿಷಯದಲ್ಲಿ ಕೈಗೆ ಸಿಗುವಂಥ ಒಂದು ದಾಖಲೆ ಇದೆ. ಕ್ರಿ.ಶ. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಈಸ್ಟರ್ ಹಬ್ಬಕ್ಕೆ ಒಂದು ಪತ್ರ ಬರೆದ. ಇವತ್ತು ಹೊಸ ಒಡಂಬಡಿಕೆಯಲ್ಲಿರುವ 27 ಪುಸ್ತಕಗಳ ಪಟ್ಟಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ನಮಗೆ ಮೊದಲು ಸಿಗುವುದು ಅಲ್ಲಿ. ವಚನಗಳಿಗೆ ಅಂಥ ಪತ್ರ ಯಾರೂ ಬರೆಯಲಿಲ್ಲ. ಇಷ್ಟು ವಚನ ಒಳಗೆ, ಇಷ್ಟು ಹೊರಗೆ ಅಂತ ಯಾವ ಗುರುವೂ ಗೆರೆ ಎಳೆಯಲಿಲ್ಲ. ಹಾಗಾಗಿ ನಮ್ಮಲ್ಲಿ ಗ್ರಂಥ ಹೇಗೆ ಆಯಿತು ಅಂತ ತಿಳಿಯಬೇಕಾದರೆ ಪಟ್ಟಿ ಹುಡುಕಿ ಪ್ರಯೋಜನ ಇಲ್ಲ. ಕಟ್ಟುಗಳನ್ನೇ ಬಿಚ್ಚಿ ನೋಡಬೇಕು.

ಕಟ್ಟು ಅಂದರೆ ಓಲೆಗರಿಯ ಕಟ್ಟು. ಬಸವಣ್ಣನ ಕಾಲ 12ನೇ ಶತಮಾನ. ಆ ಕಾಲದ ಒಂದೇ ಒಂದು ವಚನದ ಓಲೆಯೂ ನಮಗೆ ಉಳಿದಿಲ್ಲ. ಇರುವುದೆಲ್ಲ ಹೆಚ್ಚು ಕಡಿಮೆ 15ನೇ ಶತಮಾನ ಮತ್ತು ಅದರ ಆಮೇಲಿನ ಪ್ರತಿಗಳು. ನಡುವಿನ ಮುನ್ನೂರು ವರ್ಷ ವಚನಗಳು ಎಲ್ಲಿದ್ದವು, ಯಾರ ಬಾಯಲ್ಲಿದ್ದವು, ಯಾರ ಮನೆಯ ಅಟ್ಟದಲ್ಲಿದ್ದವು ಅನ್ನುವುದು ಬಹುಪಾಲು ಕತ್ತಲೆ. ಬೆಳಕು ಬೀಳುವುದು ನಮ್ಮ ಪಕ್ಕದಲ್ಲೇ, ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ. 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲ ಅದು. ಅವನ ಅಧಿಕಾರಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಇಂಥವರು ಶರಣರ ಸಾಹಿತ್ಯಕ್ಕೆ ಬೆನ್ನಿಗೆ ನಿಂತರು. ನೂರೊಂದು ವಿರಕ್ತರು ಅಂತ ಹೆಸರಾದ ಸ್ವಾಮಿಗಳು ವಚನಗಳನ್ನು ಸೇರಿಸಿದರು, ಜೋಡಿಸಿದರು, ಟೀಕೆ ಬರೆದರು. ಹಂಪಿಗೆ ಹೋದವರು ಕಲ್ಲಿನ ರಥ ನೋಡಿ ಬರುತ್ತಾರೆ. ಕನ್ನಡದ ಒಂದು ಧರ್ಮಗ್ರಂಥ ಹೊಲಿದು ಸಿದ್ಧವಾದದ್ದು ಅದೇ ಊರಿನ ಆಸುಪಾಸಿನಲ್ಲಿ ಅನ್ನುವುದನ್ನು ಗೈಡುಗಳು ಹೇಳುವುದಿಲ್ಲ, ಬಿಡಿ.

ಆ ಜೋಡಣೆಯಲ್ಲಿ ಹುಟ್ಟಿದ ದೊಡ್ಡ ಪುಸ್ತಕ ಶೂನ್ಯಸಂಪಾದನೆ. ಮೊದಲು ಮಾಡಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅವನ ಕೆಲಸ ಹೇಗಿತ್ತು ಅಂದರೆ, ಬಿಡಿ ಬಿಡಿಯಾಗಿದ್ದ ವಚನಗಳನ್ನು ಎತ್ತಿಕೊಂಡು ಸಂಭಾಷಣೆ ಮಾಡಿದ. ಅಲ್ಲಮನ ಒಂದು ವಚನ ಪ್ರಶ್ನೆಯ ಹಾಗಿದೆ, ಅದನ್ನು ಮೊದಲಿಟ್ಟ. ಸಿದ್ಧರಾಮನ ಒಂದು ವಚನ ಅದಕ್ಕೆ ಉತ್ತರದ ಹಾಗೆ ಕೇಳುತ್ತದೆ, ಅದನ್ನು ಕೆಳಗಿಟ್ಟ. ನಡುವೆ ತನ್ನ ಗದ್ಯದ ಒಂದೆರಡು ಸಾಲು: ಪ್ರಭುದೇವರು ಹೀಗೆನ್ನಲು ಸಿದ್ಧರಾಮಯ್ಯದೇವರು ಹೀಗೆಂದರು, ಈ ಥರ. ಓದುತ್ತಾ ಹೋದರೆ ಇಬ್ಬರೂ ಎದುರೆದುರು ಕೂತು ಮಾತಾಡಿದಂತೆಯೇ ಅನಿಸುತ್ತದೆ. ಅದು ಮಹಾದೇವಯ್ಯನ ಕೈಚಳಕ. ಅದೇ ವಚನ ಷಟ್‌ಸ್ಥಲದ, ಅಂದರೆ ಭಕ್ತನಿಂದ ಐಕ್ಯನವರೆಗಿನ ಆರು ಮೆಟ್ಟಿಲುಗಳ ಕ್ರಮದಲ್ಲಿ ಜೋಡಿಸಿದ ಬೇರೆ ಕಟ್ಟಿನಲ್ಲಿ ಸಿಗುತ್ತದೆ. ಅಲ್ಲಿ ಎದುರಿಗೆ ಯಾರೂ ಇಲ್ಲ. ಭಕ್ತಸ್ಥಲದಲ್ಲೋ ಶರಣಸ್ಥಲದಲ್ಲೋ ಒಬ್ಬನೇ ಆಡಿದ ಮಾತಾಗಿ ಇರುತ್ತದೆ. ಒಂದೇ ವಚನ ಎರಡು ಕಡೆ ಎರಡು ಕೆಲಸ ಮಾಡುತ್ತಿದೆ ಅಂದಾಗ ಜೋಡಿಸಿದವನ ಕೈ ಕಣ್ಣಿಗೆ ಬೀಳುತ್ತದೆ.

ಮುಂದಿನ ತಲೆಮಾರುಗಳಲ್ಲಿ ಇದೇ ಪುಸ್ತಕವನ್ನು ಇನ್ನೂ ಮೂವರು ತಿದ್ದಿ ಬೆಳೆಸಿದರು: ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ. ಜನರ ಕೈಗೆ ಹೆಚ್ಚಾಗಿ ಬಂದದ್ದು ಕೊನೆಯವನದು. ಮಠಗಳಲ್ಲಿ ನಾವು ಕೇಳಿದ ಕಥೆಯ ರೂಪವೂ ಹೆಚ್ಚಾಗಿ ಅದೇ.

ಈಗ ಸಿದ್ಧರಾಮನ ವಿಷಯಕ್ಕೆ ಬರೋಣ. ಅವನ ಬಗ್ಗೆ ಬಂದ ದೊಡ್ಡ ಕಾವ್ಯ ರಾಘವಾಂಕನ ಸಿದ್ಧರಾಮ ಚಾರಿತ್ರ. ರಾಘವಾಂಕ ಹಂಪಿಯ ಹರಿಹರನ ಸೋದರಳಿಯ, 13ನೇ ಶತಮಾನದ ಆರಂಭದವನು. ಸಿದ್ಧರಾಮನಿಗೆ ಕಾಲದಲ್ಲಿ ತೀರ ಹತ್ತಿರ. ಅಲ್ಲಿ ಸಿದ್ಧರಾಮ ದನ ಕಾಯುವ ಹುಡುಗ. ಅವನ ಹತ್ತಿರ ಮಲ್ಲಯ್ಯ ಜಂಗಮನ ವೇಷದಲ್ಲಿ ಬಂದು ಊಟ ಕೇಳಿ ಮರೆಯಾಗುತ್ತಾನೆ. ಹುಡುಗ ಅವನನ್ನು ಹುಡುಕುತ್ತಾ ಶ್ರೀಶೈಲಕ್ಕೆ ಹೋಗಿ, ಸಿಗದೆ, ಕಮರಿಗೆ ಬೀಳಲು ಹೊರಡುತ್ತಾನೆ. ದೇವರು ಕೈ ಹಿಡಿಯುತ್ತಾನೆ. ಸೊನ್ನಲಿಗೆಯನ್ನೇ ಎರಡನೇ ಶ್ರೀಶೈಲ ಮಾಡು ಅಂತ ಕಳಿಸುತ್ತಾನೆ. ಸಿದ್ಧರಾಮ ಗುಡಿ ಕಟ್ಟಿಸುತ್ತಾನೆ, ಕೆರೆ ತೋಡಿಸುತ್ತಾನೆ. ಇಡೀ ಕಾವ್ಯದಲ್ಲಿ ಅಲ್ಲಮ ಬಂದು ಅವನನ್ನು ಬದಲಿಸುವ ಪ್ರಸಂಗ ಇಲ್ಲ, ಕಲ್ಯಾಣದ ದೀಕ್ಷೆ ಇಲ್ಲ.

ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಮಹಾದೇವಯ್ಯನ ಮೊದಲ ಶೂನ್ಯಸಂಪಾದನೆಯಲ್ಲಿ ಅಲ್ಲಮ ಇದ್ದಾನೆ, ಮಾತುಕತೆ ಇದೆ, ಅರಿವಿನ ಜಗಳ ಇದೆ. ಆದರೆ ಸಿದ್ಧರಾಮನಿಗೆ ಇಷ್ಟಲಿಂಗ ಕಟ್ಟುವ ಪ್ರಸಂಗ ಇಲ್ಲ. ಹಲಗೆಯಾರ್ಯ ಆ ಪುಸ್ತಕ ತಿದ್ದುವಾಗ ಮಾಡಿದ ದೊಡ್ಡ ಬದಲಾವಣೆ ಇದೇ. ಅವನು ದೀಕ್ಷೆಯ ಪ್ರಸಂಗವನ್ನು ಸೇರಿಸಿದ. ಆಮೇಲೆ ಬಂದವರು ಅದನ್ನು ಉಳಿಸಿಕೊಂಡರು.

ಯಾಕೆ ಸೇರಿಸಿದ? ವಿಮರ್ಶಕರು ಹೇಳುವ ಕಾರಣ ಸರಳವಾಗಿದೆ. ಹಲಗೆಯಾರ್ಯನ ಕಾಲಕ್ಕೆ ಮೈಮೇಲೆ ಇಷ್ಟಲಿಂಗ ಇರುವುದೇ ಶರಣರ ಧರ್ಮದವನ ಗುರುತು. ಲಿಂಗ ಇಲ್ಲದವನು ಭವಿ. ಅಂಥ ಕಾಲದಲ್ಲಿ ಶರಣರ ಸಾಲಿನಲ್ಲಿ ಇಷ್ಟು ದೊಡ್ಡವನಾದ ಸಿದ್ಧರಾಮನಿಗೆ ದೀಕ್ಷೆಯೇ ಆಗಿರಲಿಲ್ಲ ಅಂದರೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಮುಜುಗರ ತರುವ ವಿಷಯವನ್ನು ಯಾರೂ ಸುಮ್ನೆ ಹುಟ್ಟಿಸಿಕೊಂಡು ಹೇಳುವುದಿಲ್ಲ, ಅದನ್ನು ಮುಚ್ಚುವ ಪ್ರಯತ್ನ ಮಾತ್ರ ಆಮೇಲೆ ನಡೆಯುತ್ತದೆ. ಹಾಗಾಗಿ ಮುಜುಗರ ಇರುವ ರೂಪ ಹಳೆಯದು, ಮುಜುಗರ ತೆಗೆದ ರೂಪ ಹೊಸದು. ಬೈಬಲ್ ವಿದ್ವಾಂಸರು ದಿನಾ ಬಳಸುವ ಅಳತೆಗೋಲು ಇದು. ಇಲ್ಲಿ ಚೆನ್ನಾಗಿಯೇ ಕೂರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ವಿಮರ್ಶಕ ಗೆದ್ದ ಹಾಗೆ ಕಾಣುತ್ತದೆ. ಆದರೆ ನಾವು ತೋರಿಸಿದ್ದು ಏನು ಅಂತ ಸ್ವಲ್ಪ ನಿಧಾನಕ್ಕೆ ನೋಡಬೇಕು. ಕಥೆಯ ಹಳೆಯ ರೂಪದಲ್ಲಿ ದೀಕ್ಷೆ ಇರಲಿಲ್ಲ ಅಂತ ತೋರಿಸಿದೆವು. 12ನೇ ಶತಮಾನದ ಸಿದ್ಧರಾಮ ಅನ್ನುವ ಮನುಷ್ಯನ ಕೊರಳಲ್ಲಿ ಲಿಂಗ ಇರಲಿಲ್ಲ ಅಂತ ತೋರಿಸಿಲ್ಲ. ಈ ಎರಡರ ನಡುವೆ ಜಿಗಿಯುವುದು ತುಂಬಾ ಸುಲಭ. ಪೇಪರಿನಲ್ಲಿ ಲೇಖನ ಬರೆಯುವವರು ವಾರಕ್ಕೊಮ್ಮೆ ಜಿಗಿಯುತ್ತಾರೆ. ರಾಘವಾಂಕ ಅಲ್ಲಮನ ಮಾತೇ ಎತ್ತಲಿಲ್ಲ ಅನ್ನುವುದು ನಿಜ. ಅವನಿಗೆ ಬೇಕಾಗಿದ್ದದ್ದು ಶ್ರೀಶೈಲದ ಮಲ್ಲಿಕಾರ್ಜುನನ ಮಹಿಮೆ. ಗೊತ್ತಿದ್ದೂ ಬಿಟ್ಟಿರಬಹುದು, ಗೊತ್ತೇ ಇಲ್ಲದೆಯೂ ಇರಬಹುದು. ಹೇಳಲಿಲ್ಲ ಅನ್ನುವುದರಿಂದ ಆಗಲಿಲ್ಲ ಅಂತ ತೀರ್ಪು ಕೊಡಲು ಬರುವುದಿಲ್ಲ.

ಹಾಗಾದರೆ ಸಿದ್ಧರಾಮನ ವಚನಗಳನ್ನೇ ಕೇಳಬಹುದಲ್ವಾ? ಕಪಿಲಸಿದ್ಧಮಲ್ಲಿಕಾರ್ಜುನ ಅನ್ನುವ ಅಂಕಿತದ ನೂರಾರು ವಚನಗಳಿವೆ. ಚೆನ್ನಬಸವಣ್ಣನನ್ನು ಗುರು ಅಂತ ಕೊಂಡಾಡುವವೂ ಅದರಲ್ಲಿವೆ. ಅವು ಅವನದೇ ಮಾತಾದರೆ ದೀಕ್ಷೆಯ ಕಥೆಗೆ ಬಲ ಬಂತು. ಆದರೆ ಅವನದೇ ಅಂತ ಹೇಳುವುದು ಹೇಗೆ? ನನ್ನ ಪ್ರಕಾರ ಈ ವಿಧಾನ ನಿಜವಾಗಿ ಬೆವರುವುದು ಇಲ್ಲಿ.

ರಾಘವಾಂಕನದು ಷಟ್ಪದಿ. ಮಾತ್ರೆ ಲೆಕ್ಕ ಇದೆ, ಪ್ರಾಸ ಇದೆ. ಯಾರಾದರೂ ನಡುವೆ ಒಂದು ಪದ ತುರುಕಿದರೆ, ಒಂದು ಪದ ಬಿಟ್ಟರೆ ಸಾಲು ಕುಂಟುತ್ತದೆ, ಎಣಿಸಿದರೆ ಗೊತ್ತಾಗುತ್ತದೆ. ವಚನಕ್ಕೆ ಆ ಕಾವಲುಗಾರ ಇಲ್ಲ. ಒಂದು ಸಾಲು ಸೇರಿಸಿ, ಲಯ ಇನ್ನೂ ಚೆನ್ನಾಗಿಯೇ ಕೇಳಿಸಬಹುದು. ಲಿಪಿಕಾರ ಬರೆಯುತ್ತಾ ಹೋಗುವಾಗ ಒಂದೇ ಪದದಲ್ಲಿ ಮುಗಿಯುವ ಎರಡು ಸಾಲುಗಳ ನಡುವೆ ಕಣ್ಣು ಜಾರಿ ಒಂದು ಸಾಲು ಬಿಟ್ಟುಹೋದರೂ ವಚನ ವಚನವಾಗಿಯೇ ಉಳಿಯುತ್ತದೆ. ಬೇರೆ ಕಟ್ಟಿನ ಪ್ರತಿ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ತಪ್ಪು ಕಾಣುತ್ತದೆ.

ಉಳಿದ ಗುರುತು ಅಂಕಿತ ಒಂದೇ. ಅಂಕಿತ ರುಜು ಇದ್ದ ಹಾಗೆ ಅಂತ ನಾವು ತಿಳಿದಿದ್ದೇವೆ. ಆದರೆ ಒಂದೇ ವಚನ ಒಂದು ಕಟ್ಟಿನಲ್ಲಿ ಒಬ್ಬ ಶರಣನ ಅಂಕಿತದಲ್ಲಿ, ಇನ್ನೊಂದು ಕಟ್ಟಿನಲ್ಲಿ ಮತ್ತೊಬ್ಬನ ಅಂಕಿತದಲ್ಲಿ ಸಿಗುವುದುಂಟು. ಭಕ್ತನೊಬ್ಬ ತಾನೇ ಕಟ್ಟಿದ ಮಾತನ್ನು ತನ್ನ ಗುರುವಿನ ಅಂಕಿತಕ್ಕೆ ಅರ್ಪಿಸುವುದು ಅವತ್ತಿನ ಮನಸ್ಸಿಗೆ ಮೋಸವಾಗಿ ಕಂಡಿರಲಿಕ್ಕಿಲ್ಲ.

ಆಗ ವಿಮರ್ಶಕ ಮಾಡುವುದೇನು? ವಿಚಾರ ನೋಡುತ್ತಾನೆ. ಇದು 12ನೇ ಶತಮಾನದ ಸಿದ್ಧರಾಮ ಆಡುವ ಮಾತಲ್ಲ, ಆಚಾರದ ಕಟ್ಟುನಿಟ್ಟು ಜಾಸ್ತಿ ಇದೆ, ಆಮೇಲಿನದು ಅನ್ನುತ್ತಾನೆ. ಸರಿ, 12ನೇ ಶತಮಾನದ ಸಿದ್ಧರಾಮ ಹೇಗೆ ಮಾತಾಡುತ್ತಿದ್ದ ಅಂತ ಗೊತ್ತಾದದ್ದು ಎಲ್ಲಿಂದ? ಇದೇ ವಚನಗಳಿಂದ. ಮೊದಲು ಒಬ್ಬ ಸಿದ್ಧರಾಮನನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು, ಅವನಿಗೆ ಹೊಂದದ ವಚನಗಳನ್ನು ತೆಗೆದುಹಾಕುವುದು, ಉಳಿದ ವಚನಗಳನ್ನು ತೋರಿಸಿ ನೋಡಿ ನಾನು ಹೇಳಿದ ಹಾಗೇ ಇದ್ದಾನೆ ಅನ್ನುವುದು. ಇದು ಗಾಣದೆತ್ತಿನ ಸುತ್ತು. ಅದರಿಂದ ಪೂರ್ತಿ ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ. ಬಸವಣ್ಣನ ವಿಷಯದಲ್ಲಂತೂ ಪ್ರತಿಯೊಂದು ಪಕ್ಷಕ್ಕೂ ಅವರವರ ಬಸವಣ್ಣ ಇದ್ದಾನೆ. ಅವನಿಗೆ ಹೊಂದದ್ದೆಲ್ಲ ಪ್ರಕ್ಷಿಪ್ತ.

ತಪ್ಪಿಸಿಕೊಳ್ಳುವ ಒಂದು ದಾರಿ ಇದೆ, ಆದರೆ ಬೇಸರದ ದಾರಿ. ವಿಚಾರ ಬಿಟ್ಟು ಕಟ್ಟು ನೋಡುವುದು. ಚೆನ್ನಬಸವಣ್ಣನನ್ನು ಗುರು ಅನ್ನುವ ಸಿದ್ಧರಾಮನ ವಚನಗಳಲ್ಲಿ ಯಾವುವು ಹಲಗೆಯಾರ್ಯನಿಗಿಂತ ಮೊದಲಿನ ಸಂಕಲನಗಳಲ್ಲಿವೆ, ಯಾವುವು ಆಮೇಲಿನ ಪ್ರತಿಗಳಲ್ಲಿ ಮಾತ್ರ ಇವೆ ಅಂತ ಒಂದೊಂದಾಗಿ ಗುರುತು ಹಾಕುವುದು. ಮೊದಲಿನವುಗಳಲ್ಲಿ ಸಿಕ್ಕರೆ ಹಲಗೆಯಾರ್ಯ ಗಾಳಿಯಿಂದ ದೀಕ್ಷೆ ತರಲಿಲ್ಲ, ಇದ್ದ ವಚನವನ್ನು ಕಥೆ ಮಾಡಿದ ಅನ್ನಬಹುದು. ಆಮೇಲಿನವುಗಳಲ್ಲಿ ಮಾತ್ರ ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. 1993ರಲ್ಲಿ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಗಳ 15 ಸಂಪುಟ ತಂದ ಮೇಲೆ ವಚನ ಹುಡುಕುವುದು ಸುಲಭವಾಗಿದೆ. ಆದರೂ ಒಂದು ವಚನದ ವಯಸ್ಸು ತಿಳಿಯಲು ಅದು ಯಾವ ಓಲೆಯಿಂದ ಬಂತು ಅನ್ನುವ ಕಡೆಗೇ ತಿರುಗಬೇಕು.

ನಮ್ಮ ಸೋದರಮಾವ ಒಬ್ಬರಿದ್ದಾರೆ, ಕೊಪ್ಪಳದಲ್ಲೇ. ದಿನಾ ಬೆಳಗ್ಗೆ ಮೈತೊಳೆದು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಯುವ ತನಕ ನೀರನ್ನೂ ಮುಟ್ಟದವರು. ಓದಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ಹಲಗೆಯಾರ್ಯನ ವಿಷಯ ಅವರಿಗೆ ಪೂರ್ತಿ ಹೇಳಿದೆ. ಸಿಟ್ಟಾಗಬಹುದು ಅಂದುಕೊಂಡಿದ್ದೆ. ಅವರು ಕೇಳಿಕೊಂಡು ಹೇಳಿದ್ದು ಇಷ್ಟು: "ಅಲ್ಲೋ ಅಳಿಯಾ, ಚೆನ್ನಬಸವಣ್ಣ ದೀಕ್ಷಾ ಕೊಡಲಿಲ್ಲ ಅಂದ್ರ ಹಲಗೆಯಾರ್ಯ ಕೊಟ್ಟಂಗಾತು. ಯಾರೋ ಒಬ್ರು ಕೊಟ್ಟಾರಲ್ಲ!"

ಹಂಗಲ್ಲ ಮಾವ, ಅದು ಪುಸ್ತಕದಾಗ ಕೊಟ್ಟಿದ್ದು ಅಂದೆ. "ನನಗ ಸಿದ್ಧರಾಮ ಎಲ್ಲಿ ಸಿಕ್ಕಾನ? ಪುಸ್ತಕದಾಗ, ಪುರಾಣದಾಗ ತಾನ?" ಅಂದರು.

ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ಗೊತ್ತಾಗಲಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ಗಟ್ಟಿ ವಾದ ಇದೆ. ಹಳೆಯದು ಅಂದರೆ ನಿಜ, ಆಮೇಲೆ ಬಂದದ್ದು ಅಂದರೆ ಕಲಬೆರಕೆ ಅನ್ನುವುದು ವಿಮರ್ಶಕ ಹೊರಗಿನಿಂದ ಹೊತ್ತು ತಂದ ನಂಬಿಕೆ. ಅದನ್ನು ಓಲೆಗರಿ ಹೇಳುವುದಿಲ್ಲ. ಮಾವನಿಗೆ ಶರಣರ ಪರಂಪರೆ 12ನೇ ಶತಮಾನದಲ್ಲಿ ನಿಂತುಹೋಗಿಲ್ಲ. ಹಂಪಿಯ ವಿರಕ್ತರೂ ಶರಣರೇ. ಅವರು ಜೋಡಿಸಿದ್ದೂ ಅನುಭಾವವೇ. ಇದರ ಜೊತೆ ಇನ್ನೊಂದು ಸಂಗತಿ ಸೇರಿಸಬೇಕು. ಆ ವಿರಕ್ತರ ಕೈ ದಾಟದೆ ನಮಗೆ ಬಂದ ವಚನಗಳು ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. ನಂಬಿದವರು ನಕಲು ಮಾಡಿದ್ದರಿಂದ, ಪೂಜೆ ಮಾಡಿ ಕಟ್ಟಿಟ್ಟಿದ್ದರಿಂದ, 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಲು ಓಲೆಗಳು ಉಳಿದಿದ್ದವು. ವಿಮರ್ಶಕ ಅನುಮಾನಿಸುವ ಕೈಯೇ ಅವನಿಗೆ ಸಾಮಗ್ರಿ ತಂದುಕೊಟ್ಟ ಕೈ.

ಮಾವನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪುಸ್ತಕದ ಸಿದ್ಧರಾಮ ಸಾಕು ಅನ್ನುವವರು, ಜಗಳ ಬಂದಾಗ ಮಾತ್ರ ಚರಿತ್ರೆಯ ಸಿದ್ಧರಾಮನನ್ನು ಸಾಕ್ಷಿಗೆ ಕರೆಯಬಾರದು. ನೋಡಿ, 12ನೇ ಶತಮಾನದಲ್ಲೇ ಸಿದ್ಧರಾಮನಂಥವನಿಗೂ ದೀಕ್ಷೆ ಕಡ್ಡಾಯವಾಗಿತ್ತು, ಅದಕ್ಕೇ ಇವತ್ತೂ ಕಡ್ಡಾಯ ಅಂತ ವಾದ ಮಾಡಿದರೆ, ಹಲಗೆಯಾರ್ಯನ ಪ್ರತಿ ತೆಗೆದು ತೋರಿಸುವ ಹಕ್ಕು ನನಗೆ ಬಂತು. ಹಾಗೆಯೇ ಇನ್ನೊಂದು ಕಡೆಯವರು, ದೀಕ್ಷೆ ಆಮೇಲೆ ಸೇರಿದ್ದು, ಆದ್ದರಿಂದ ಇಷ್ಟಲಿಂಗಕ್ಕೆ ಬೆಲೆ ಇಲ್ಲ ಅಂದರೆ, ಅದು ಪ್ರತಿಗಳು ಹೇಳದ ಮಾತು. 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಚರ್ಚೆ ಜೋರಾಗಿದ್ದಾಗ ಚಹಾದಂಗಡಿಯಲ್ಲೂ ಇಂಥ ವಾದ ಎರಡೂ ಕಡೆಯಿಂದ ಕೇಳಿದ್ದೇನೆ.

ಹಲಗೆಯಾರ್ಯನ ಕೆಲಸವನ್ನು ನಮ್ಮ ಕಾಲದಲ್ಲಿ ಯಾರಾದರೂ ಮಾಡಿದರೆ ಏನಾಗುತ್ತದೆ? ಹೆಚ್ಚು ಕಡಿಮೆ ಅಂಥದ್ದು ನಡೆದಿದೆ. ಮಾತೆ ಮಹಾದೇವಿಯವರು 1990ರ ದಶಕದಲ್ಲಿ ಬಸವಣ್ಣನ ವಚನಗಳಲ್ಲಿ ಕೂಡಲಸಂಗಮದೇವ ಅನ್ನುವ ಅಂಕಿತ ತೆಗೆದು ಲಿಂಗದೇವ ಅಂತ ಹಾಕಿ ವಚನದೀಪ್ತಿ ಅನ್ನುವ ಪುಸ್ತಕ ತಂದರು. ಭಕ್ತರಿಂದಲೇ ಗಲಾಟೆ ಎದ್ದಿತು. 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. ಕೋರ್ಟು ಕಚೇರಿ ಸುತ್ತಿ 2017ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ನನಗೆ ಕುತೂಹಲ ಇರುವುದು ಇಲ್ಲಿ. ಓಲೆಗರಿಯ ಕಾಲದಲ್ಲಿ ಒಂದು ಪ್ರಸಂಗವನ್ನೇ ಸೇರಿಸಿದ ಪುಸ್ತಕ ಧರ್ಮಗ್ರಂಥವಾಯಿತು. ಅಚ್ಚಿನ ಕಾಲದಲ್ಲಿ ಒಂದು ಹೆಸರು ಬದಲಿಸಿದ ಪುಸ್ತಕ ಕೇಸಾಯಿತು. ಹಳಕಟ್ಟಿಯವರ ಅಚ್ಚು ಮನೆಮನೆಗೆ ತಲುಪಿ, ಸರಿಯಾದ ಪಾಠ ಅಂತ ಒಂದು ಇದೆ ಅನ್ನುವ ಭಾವನೆ ಜನರಲ್ಲಿ ಕೂತಿತ್ತು. ಪಟ್ಟಿ ಮುಚ್ಚದ ನಮ್ಮ ಗ್ರಂಥವನ್ನು ಅಚ್ಚಿನಮನೆ ಮುಚ್ಚಿತು ಅಂತ ನನಗನಿಸುತ್ತದೆ. ಗಮನಿಸಿ, ಭಕ್ತರು ಆಗ ಎತ್ತಿದ ಆಕ್ಷೇಪ ಅಪ್ಪಟ ವಿಮರ್ಶಕನ ಆಕ್ಷೇಪ: ಮೂಲ ಓಲೆಯಲ್ಲಿ ಹೀಗಿಲ್ಲ!

ಒಂದು ಕಾರ್ಯಕ್ರಮದಲ್ಲಿ ಈ ದೀಕ್ಷೆಯ ವಿಷಯ ಮಾತಾಡಿದೆ. ಕೇಳಲು ಬಂದವರಲ್ಲಿ ಭೋವಿ ಸಮಾಜದ ಹಿರಿಯರೊಬ್ಬರಿದ್ದರು, ಕಲ್ಲು ಕೆಲಸದ ಮನೆತನದವರು. ನಮ್ಮ ಕಡೆ ಭೋವಿ ಜನಕ್ಕೆ ಸಿದ್ಧರಾಮೇಶ್ವರನೇ ಗುರು. ಸಂಕ್ರಾಂತಿ ಹೊತ್ತಿಗೆ ಅವನ ಜಯಂತಿ ಜೋರಾಗಿಯೇ ನಡೆಯುತ್ತದೆ. ಅವರಿಗೆ ದೀಕ್ಷೆಯ ಚರ್ಚೆ ಅಷ್ಟೇನೂ ಹಿಡಿಸಲಿಲ್ಲ. ಅವರ ಪ್ರಶ್ನೆ ಕೆರೆಯದು. ಶೂನ್ಯಸಂಪಾದನೆಯ ಕಥೆಯಲ್ಲಿ ಅಲ್ಲಮ ಬಂದು, ಮಣ್ಣು ಹೊರುತ್ತಿದ್ದವರ ಮುಂದೆ ನಿಮ್ಮ ಒಡ್ಡರಾಮ ಎಲ್ಲಿ ಅಂತ ಹಂಗಿಸುತ್ತಾನೆ. ಅವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಆಮೇಲೆ ಸಿದ್ಧರಾಮ ಬಂದು, ವಾದ ನಡೆದು, ಕೆರೆ ತೋಡುವುದಕ್ಕಿಂತ ತನ್ನನ್ನು ತಾನು ಅರಿಯುವುದು ದೊಡ್ಡದು ಅಂತ ತಿಳಿಯುತ್ತಾನೆ. "ಸರ, ಕೆರಿ ಕಟ್ಟಿದ್ದು ಕೀಳು ಕೆಲಸ ಅನ್ನೂದು ಹಳೇ ಪುಸ್ತಕದಾಗೂ ಐತೇನ್ರೀ?" ಅಂತ ಕೇಳಿದರು.

ಆ ಸಭೆಯಲ್ಲಿ ಯಾರೂ ಇಷ್ಟು ಸರಿಯಾದ ವಿಮರ್ಶೆಯ ಪ್ರಶ್ನೆ ಕೇಳಿರಲಿಲ್ಲ. ಅಲ್ಲಮ ಹಂಗಿಸುವ ದೃಶ್ಯ ಶೂನ್ಯಸಂಪಾದನೆಯಲ್ಲಿದೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ. ಎರಡೂ 15ನೇ ಶತಮಾನದ ಪರಂಪರೆಯವು. ರಾಘವಾಂಕನಲ್ಲಿ ಅದು ಇಲ್ಲ ಅಂತ ಹೇಳಿದೆ. ಅಲ್ಲಿ ಕೆರೆ ತೋಡುವುದೇ ದೇವರು ಒಪ್ಪಿಸಿದ ಕೆಲಸ. ಇದರಿಂದ ಅಲ್ಲಮ ಸೊನ್ನಲಿಗೆಗೆ ಹೋಗಲೇ ಇಲ್ಲ ಅಂತ ಆಗುವುದಿಲ್ಲ ಅನ್ನುವುದನ್ನೂ ಸೇರಿಸಿದೆ. ಅದು ಅವರಿಗೆ ಬೇಕಾಗಿರಲಿಲ್ಲ. ರಾಘವಾಂಕನ ಪುಸ್ತಕದ ಹೆಸರು ಬರೆದುಕೊಂಡರು. ಗದ್ಯದ ಅರ್ಥ ಇರುವ ಪ್ರತಿಯೇ ಬೇಕು, ಬರೇ ಪದ್ಯ ಇದ್ದರೆ ಮಗನಿಗೆ ಓದಕ್ಕೆ ಬರಲ್ಲ ಅಂದರು.